ಹುಟ್ಟದ ಕಂಪನಿಗೆ ಡೈರೆಕ್ಟರು

ಅರಸೀಕೆರೆಯ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವ ಲಕ್ಕಪ್ಪಗೌಡರಿಗೆ ವಿದ್ಯಾರ್ಥಿಗಳೆಂದರೆ ಬರೀ ಕುರಿಮಂದೆ. ಅಂದು ಬೋರ್ಡಿನ ಮೇಲಿದ್ದ ಲೆಕ್ಕದಲ್ಲಿ ವ್ಯಾಪಾರ ಕೊಂಡದ್ದು ಏಪ್ರಿಲ್ ಒಂದಕ್ಕೆ, ಕಂಪನಿ ನೋಂದಣಿಯಾದದ್ದು ಆಗಸ್ಟ್ ಒಂದಕ್ಕೆ. ವರ್ಷದ ಲಾಭವನ್ನು ನೋಂದಣಿಗೆ ಮುಂಚಿನದು, ನಂತರದ್ದು ಎಂದು ಒಡೆಯಬೇಕಿತ್ತು. ಮುಂದಿನ ಬೆಂಚಿನ ವಿದ್ಯಾರ್ಥಿನಿ ಗಾನವಿ ಒಟ್ಟು ಲಾಭವನ್ನು ಮಾರಾಟದ ಅನುಪಾತದಲ್ಲಿ ಹಂಚಿದಳು. ಬಾಡಿಗೆಯನ್ನು ನಾಲ್ಕು ತಿಂಗಳಿಗೆ ಎಂಟು ತಿಂಗಳೆಂಬ ಕಾಲದ ಅನುಪಾತದಲ್ಲಿ. ಡೈರೆಕ್ಟರ ಶುಲ್ಕವನ್ನೂ ಹಾಗೆಯೇ ಒಡೆದಳು.

“ಥೂ! ಕಂಪನಿ ಹುಟ್ಟೋಕ್ ಮುಂಚೆ ಡೈರೆಕ್ಟರ್ ಎಲ್ಲಿಂದ ಬಂದ್ನಮ್ಮ? ಅದು ಪೂರ್ತಿ ನಂತರದ ಖರ್ಚು. ತಲೇಲಿ ಏನಿಟ್ಕೊಂಡಿದ್ದೀಯ, ಸಗಣಿನಾ?”

“ಗೈಡಲ್ಲಿ ಹಿಂಗೇ ಐತೆ, ಸಾರ್.”

“ಯಾವ ಅಡ್ಡಕಸಬಿ ಬರ್ದಿದ್ದು ಅದನ್ನ?”

ಗಾನವಿ ಗೈಡು ಮುಚ್ಚಿ, ಅದರ ರಟ್ಟನ್ನು ಅವರತ್ತ ಹಿಡಿದಳು. ಕೋಟು ತೊಟ್ಟ ಲಕ್ಕಪ್ಪಗೌಡರು ಅಲ್ಲಿಂದ ನಗುತ್ತಿದ್ದರು.