ಕಾಗದ ಬಾರದ ಫೈಲುಗಳು

ನನ್ನ ಲೆಕ್ಕವನ್ನು ಯಾರಾದರೂ ಪ್ರಶ್ನಿಸಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಈಗಲೂ ಅಷ್ಟೇ, ಅರವತ್ತರ ದಶಕದ ಶುರುವಿನಲ್ಲಂತೂ ಕೇಳುವುದೇ ಬೇಡ. ಜೀವವಿಮೆಯನ್ನು ಸರ್ಕಾರ ವಹಿಸಿಕೊಂಡ ಮೇಲೆ ನಾನು ಮುಂಬಯಿ ಬಿಟ್ಟು ಒಂಟಿಕೊಪ್ಪಲಿನ ಮನೆಗೆ ಮರಳಿದ್ದೆ. ಬೆಂಕಿ, ಬಸ್ಸು, ಲಾರಿಗಳ ವಿಮೆ ಮಾಡುತ್ತಿದ್ದ ಊರಿನದೇ ಒಂದು ಸಣ್ಣ ಕಂಪನಿ ನನ್ನನ್ನು ಕರೆದು ಕೆಲಸ ಕೊಟ್ಟಿತು. ಆ ಕಚೇರಿಗೆಲ್ಲ ಆಕ್ಚುಯರಿ, ಅಂದರೆ ವಿಮೆಯ ಗಣಿತ ಬಲ್ಲವನು, ನಾನೊಬ್ಬನೇ. ಆ ಪದಕ್ಕೆ ಏನರ್ಥ ಎಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಅದರಿಂದ ಮರ್ಯಾದೆ ಇನ್ನಷ್ಟು ಜಾಸ್ತಿ. ಆ ಮರ್ಯಾದೆ ನನಗೆ ಬೇಕಾಗಿತ್ತು. ಐವತ್ತೈದು ದಾಟಿದವನಿಗೆ ಇನ್ನೊಂದು ಕಡೆ ಯಾರು ಕೆಲಸ ಕೊಡುತ್ತಾರೆ?

ಡಿಸೆಂಬರ್ ಕೊನೆಗೆ ಕಂಪನಿಯ ವರ್ಷ ಮುಗಿಯುತ್ತಿತ್ತು. ಅಪಘಾತ ಆಗಿಹೋಗಿದೆ, ಪರಿಹಾರ ಇನ್ನೂ ಕೊಟ್ಟಿಲ್ಲ, ಅಂಥ ಬಾಕಿ ಕ್ಲೇಮುಗಳಿಗೆ ಎಷ್ಟು ಹಣ ತೆಗೆದಿಡಬೇಕೆಂದು ಹೇಳುವುದು ನನ್ನ ಹೊಣೆ. ಬೆಂಕಿಯದು ಸುಲಭ, ಸರ್ವೇಯರ್ ಬಂದು ನೋಡಿ ನಷ್ಟ ಎಷ್ಟೆಂದು ಬರೆದುಕೊಡುತ್ತಿದ್ದ. ಬಸ್ಸಿಗೋ ಲಾರಿಗೋ ಸಿಕ್ಕಿ ಸತ್ತವರದು ಹಾಗಲ್ಲ. ಕೋರ್ಟು ಎಷ್ಟು ಹೇಳುತ್ತದೋ, ಯಾವಾಗ ಹೇಳುತ್ತದೋ! ಅದಕ್ಕೆ ನಾನು ಒಂದು ಸರಾಸರಿ ಮಾಡಿದ್ದೆ. ಐದು ವರ್ಷದಲ್ಲಿ ಕೊಟ್ಟ ಒಟ್ಟು ಹಣವನ್ನು ಮುಗಿದ ಫೈಲುಗಳ ಸಂಖ್ಯೆಯಿಂದ ಭಾಗಿಸುವುದು, ಬಂದದ್ದನ್ನು ಬಾಕಿ ಇರುವ ಫೈಲುಗಳ ಸಂಖ್ಯೆಯಿಂದ ಗುಣಿಸುವುದು. ಅಷ್ಟೇ. ಅದರ ಕೆಳಗೆ ನನ್ನ ಸಹಿ ಬಿದ್ದರೆ ಡೈರೆಕ್ಟರುಗಳು ನೆಮ್ಮದಿಯಾಗಿ ಷೇರುದಾರರಿಗೆ ಡಿವಿಡೆಂಡ್ ಸಾರುತ್ತಿದ್ದರು.

ಆ ಫೆಬ್ರವರಿಯಲ್ಲಿ ಹೊಸ ಆಡಿಟರ್ ಬಂದರು. ಮೂವತ್ತರ ಆಸುಪಾಸಿನವರು, ನಂಜನಗೂಡಿನ ಕಡೆಯ ಒಕ್ಕಲು ಮನೆತನ, ಸರಸ್ವತಿಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಹಿಂದಿನ ಆಡಿಟರು ನನ್ನ ಹಾಳೆ ನೋಡಿ ತಲೆದೂಗಿ ಕಾಫಿ ಕುಡಿದು ಹೋಗುತ್ತಿದ್ದರು. ಇವರು ಕ್ಲೇಮು ರಿಜಿಸ್ಟರನ್ನೇ ತರಿಸಿಕೊಂಡು ಎರಡು ದಿನ ಬೆರಳಿಟ್ಟು ಓದಿದರು.

ಮೂರನೆಯ ದಿನ ನನ್ನ ಮೇಜಿನ ಮುಂದೆ ನಿಂತು ಕೇಳಿದರು: “ಸಾರ್, ಕಾಸು ಕೊಡ್ದೆ ಸೊನ್ನೆಗೆ ಮುಚ್ಚಿರೋ ಫೈಲು ಇಷ್ಟೊಂದು ಯಾಕವೆ?”

“ಕೋರ್ಟಲ್ಲಿ ಬಿದ್ದುಹೋಗೋ ಕೇಸುಗಳೂ ಇರುತ್ತವೆ ಕಣ್ರೀ. ಸೊನ್ನೆಯೂ ಒಂದು ಅನುಭವವೇ,” ಎಂದೆ, ಪಾಠ ಹೇಳುವ ಧಾಟಿಯಲ್ಲಿ.

“ಬಿದ್ದೋಗಿರೋದು ಬುಡಿ ಸಾರ್. ತೀರ್ಪೇ ಆಗ್ದೆ ಮುಚ್ಚಿರೋದನ್ನ ಕೇಳ್ತಿದೀನಿ.” ಅವರು ರಿಜಿಸ್ಟರಿನ ಎರಡು ಸಾಲು ತೋರಿಸಿದರು. ಅದೇ ಬಸ್ಸಿನ ನಂಬರು, ಅದೇ ಅಪಘಾತದ ತಾರೀಕು, ಸತ್ತವನೂ ಅವನೇ. ಕ್ಲೇಮು ನಂಬರು ಮಾತ್ರ ಬೇರೆ. ಒಂದು ವರ್ಷ ಸೊನ್ನೆಗೆ ಮುಚ್ಚಿದ್ದರು, ಮಾರನೆಯ ವರ್ಷ ಹೊಸ ನಂಬರಿನಲ್ಲಿ ಹಣ ಕೊಟ್ಟಿದ್ದರು.

ನನಗೆ ಮೈಯೆಲ್ಲ ಉರಿಯಿತು. ಒಂದೆರಡು ಕಡೆ ಕೈತಪ್ಪಿರಬಹುದು, ಅದಕ್ಕೆ ನನ್ನ ಸರಾಸರಿಯನ್ನೇ ಅನುಮಾನಿಸುವುದೇ? ನಿನ್ನೆ ಮೊನ್ನೆ ಪಾಸಾದವರು ನನಗೆ ಭಾಗಾಕಾರ ಕಲಿಸುವುದೇ? ಎಲ್ಲ ಫೈಲುಗಳನ್ನೂ ತೆಗೆಸಿ ಅವರ ಬಾಯಿ ಮುಚ್ಚಿಸಿಯೇ ಬಿಡುತ್ತೇನೆ ಎಂದು ಎದ್ದು ಫೈಲು ಕೋಣೆಗೆ ನಡೆದೆ. ಅವರೂ ಹಿಂದೆಯೇ ಬಂದರು.

ಅಲ್ಲಿನ ಗುಮಾಸ್ತರು ಬಹಳ ಅಚ್ಚುಕಟ್ಟಿನ ಮನುಷ್ಯ. ಕೇಳಿದ್ದಕ್ಕೆ ಹೆಮ್ಮೆಯಿಂದಲೇ ಹೇಳಿದರು: “ಒಂದು ವರ್ಷ ಕಾಗದ ಬರ್ಲಿಲ್ಲ ಅಂದ್ರೆ ಡಿಸೆಂಬರಲ್ಲಿ ಮುಚ್ಚಿಬಿಡ್ತೀನಿ ಸಾರ್. ಬಾಕಿ ಪಟ್ಟಿ ಒಂದೇ ಹಾಳೇಲಿ ಮುಗೀಬೇಕು ಅಂತ ಮ್ಯಾನೇಜರ್ ಸಾಹೇಬ್ರು ಹೇಳಿದಾರೆ. ಆಮೇಲೆ ಯಾರಾದ್ರೂ ಬಂದ್ರೆ ಹೊಸ ನಂಬರ್ ಕೊಟ್ರಾಯ್ತು.”

“ನಮ್ಮ ಕಡೆಯೋರು ಕಾಗ್ದ ಬರಿಯಲ್ಲ ಸಾರ್,” ಎಂದರು ಆಡಿಟರ್, ನನ್ನ ಕಡೆ ತಿರುಗಿ. “ಸುಗ್ಗಿ ಮುಗುಸ್ಕಂಡು ಅವರೇ ಬತ್ತಾರೆ. ಇವರು ಡಿಸೆಂಬರಲ್ಲಿ ಮುಚ್ತಾರೆ, ಅವರು ಸಂಕ್ರಾಂತಿ ಆದ್ಮೇಲೆ ಬತ್ತಾರೆ.”

ಒಂದೇ ಸಾವು ನನ್ನ ಭಾಗಾಕಾರದಲ್ಲಿ ಎರಡು ಸಲ ಬಂದಿತ್ತು, ಒಮ್ಮೆ ಸೊನ್ನೆಯಾಗಿ, ಒಮ್ಮೆ ಹಣವಾಗಿ. ಸರಾಸರಿ ಕೆಳಗಿಳಿದಿತ್ತು. ಮುಚ್ಚಿದ ಫೈಲು ಬಾಕಿಯ ಲೆಕ್ಕಕ್ಕೂ ಬಾರದೆ ಗುಣಿಸುವ ಸಂಖ್ಯೆಯೂ ಇಳಿದಿತ್ತು. ಎರಡೂ ಕಡೆಯಿಂದ ಪೆಟ್ಟು.

ನಾವು ಅಲ್ಲಿರುವಾಗಲೇ ಕೌಂಟರಿಗೆ ಮಂಡಕಳ್ಳಿಯ ಒಬ್ಬ ಹೆಂಗಸು ಬಂದಳು. ಗಂಡ ಲಾರಿಗೆ ಸಿಕ್ಕಿ ಸತ್ತಿದ್ದ. ಕೋರ್ಟಿನಲ್ಲಿ ಬರೀ ವಾಯಿದೆ.

“ಹೋದ್ ಸುಗ್ಗೀಲೂ ಬಂದಿದ್ದೆ ಸಾಮಿ, ಅದ್ರಿಂದಿನ ಸುಗ್ಗೀಲೂ ಬಂದಿದ್ದೆ. ಬಂದಾಗೆಲ್ಲ ಬ್ಯಾರೆ ಚೀಟಿ ಕೊಡ್ತೀರಿ,” ಎಂದು ಸೆರಗಿನ ಗಂಟಿನಿಂದ ಎರಡು ಚೀಟಿ ತೆಗೆದಳು. ಎರಡರ ಮೇಲೂ ಬೇರೆ ಬೇರೆ ನಂಬರು. ಎರಡನ್ನೂ ನಾನು ಆಯಾ ವರ್ಷದ ಮುಗಿದ ಫೈಲು ಎಂದು ಎಣಿಸಿದ್ದೆ. ನನಗೆ ಮುಖ ಎತ್ತಿ ಅವಳನ್ನು ನೋಡಲಾಗಲಿಲ್ಲ. ನಾಚಿಕೆಯಾಯಿತು.

ಅವಳಿಗೆ ಹಳೆಯ ನಂಬರನ್ನೇ ಉಳಿಸಿ ಫೈಲು ತೆರೆಸಿದೆ. ಆಮೇಲೆ ಅಂಗಿ ತೋಳು ಮಡಿಚಿ ಕೂತೆ. ಒಂಬತ್ತು ದಿನ ನಾವು ಮೂವರೂ ಐದು ವರ್ಷದ ಫೈಲುಗಳನ್ನು ಒಂದೊಂದಾಗಿ ತೆರೆದೆವು. ತೀರ್ಪಿನಲ್ಲಿ ಬಿದ್ದಿದ್ದವನ್ನು ಸೊನ್ನೆಯಾಗಿಯೇ ಉಳಿಸಿದೆವು. ಗಾಡಿಯ ನಂಬರು, ತಾರೀಕು, ಸತ್ತವರ ಹೆಸರು ಒಂದೇ ಆಗಿದ್ದವನ್ನು ಒಂದು ಮಾಡಿದೆವು. ತೀರದವನ್ನು ಬಾಕಿಗೆ ಸೇರಿಸಿದೆವು. ಡಿಸೆಂಬರಿನೊಳಗೆ ಆಗಿ ನಮಗೆ ಜನವರಿಯಲ್ಲಿ ಗೊತ್ತಾದ ಅಪಘಾತಗಳಿಗೂ ಒಂದು ಪಾಲು ಇಟ್ಟೆವು. ನಾನು ದೊಡ್ಡ ಹಾಳೆಯಲ್ಲಿ ಅಪಘಾತದ ವರ್ಷವನ್ನು ಎಡಕ್ಕೂ, ಹಣ ಕೊಟ್ಟ ವರ್ಷವನ್ನು ಮೇಲಕ್ಕೂ ಬರೆದುಕೊಂಡು ತುಂಬಿದೆ. ಕ್ಲೇಮು ಎರಡು ವರ್ಷದಲ್ಲಿ ಮುಗಿಯುತ್ತದೆ ಎಂದು ನಾನು ನಂಬಿದ್ದೆ. ಹಣ ನಾಲ್ಕನೆಯ ವರ್ಷದಲ್ಲೂ ಹೋಗುತ್ತಲೇ ಇತ್ತು. ತೆಗೆದಿಡಬೇಕಾದ ಮೊತ್ತ ಹೆಚ್ಚುಕಡಿಮೆ ಎರಡರಷ್ಟಾಯಿತು. ಆ ವರ್ಷದ ಲಾಭ ಅದರಲ್ಲೇ ಕರಗಿತು.

ಡೈರೆಕ್ಟರುಗಳ ಸಭೆಯಲ್ಲಿ ಅಧ್ಯಕ್ಷರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. “ಈ ವರ್ಷ ಹಳೇ ಲೆಕ್ಕದಲ್ಲೇ ಹೋಗಲಿ, ಮುಂದಿನ ವರ್ಷ ಸರಿಮಾಡೋಣ. ನೀವು ಸಹಿ ಹಾಕಿದ್ರೆ ಆಡಿಟರೂ ಒಪ್ತಾರೆ,” ಎಂದರು.

“ನಾನು ಒಪ್ಪಲ್ಲ ಸಾರ್,” ಎಂದರು ಆಡಿಟರ್. “ನಾನೂ ಹಾಕಲ್ಲ,” ಎಂದೆ.

ಬಹಳ ಹೊತ್ತು ವಾದವಾಯಿತು. ಕಡೆಗೆ ಹೊಸ ಮೊತ್ತಕ್ಕೆ ಒಪ್ಪಿದರು. ಡಿವಿಡೆಂಡ್ ಇಲ್ಲ. ಆದರೆ ಷೇರುದಾರರಿಗೆ ಕಾರಣ ಹೇಳಬೇಕಲ್ಲ. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು: “ಗುಮಾಸ್ತನ ತಪ್ಪು ಅಂತ ಬರೀರಿ. ಅವನನ್ನ ತೆಗೆದುಹಾಕ್ತೀವಿ, ನಿಮ್ಮ ಹೆಸರಿಗೆ ಏನೂ ಬರಲ್ಲ. ಇಲ್ಲಾಂದ್ರೆ ನಿಮ್ಮನ್ನ ಇಟ್ಕೊಳ್ಳೋದು ನಮಗೂ ಕಷ್ಟವಾಗುತ್ತೆ.”

ನಾನು ನನ್ನ ಮೇಜಿಗೆ ಬಂದೆ. ಆ ವಯಸ್ಸಿನಲ್ಲಿ ಕೆಲಸ ಹೋದರೆ ಏನಾಗುತ್ತದೆಂದು ಗೊತ್ತಿತ್ತು, ಭಯವಾಯಿತು. ಪೆನ್ನು ತೆಗೆದು ಬರೆದೆ: “ಫೈಲು ಕೋಣೆ ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ. ಐದು ವರ್ಷದಲ್ಲಿ ಒಂದು ದಿನವೂ ನಾನು ಹೋಗಿ ನೋಡಲಿಲ್ಲ. ತಪ್ಪು ನನ್ನದು.”

ಅದರ ಕೆಳಗೆ ಸಹಿ ಹಾಕಿದೆ. ಗುಮಾಸ್ತರು ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ನನಗೆ ಏಪ್ರಿಲ್‌ನಿಂದ ಸಂಬಳ ಬರಲಿಲ್ಲ.