ಮುಟ್ಟಬೇಡಿ, ‘ಚಾ ಬೋಡಾ?’ ಎಂದು ಕೇಳಿ

ಜಾಲತಾಣದ ವಿಡಿಯೊ ಸ್ಟೋರಿಗಳ ಮೇಲೆ ಐದಾರು ಪದ ಬರೆಯುವುದು ನನ್ನ ಕೆಲಸ. ಠಾಣೆಯ ನೌಪಾಡಾದಲ್ಲಿ ಒಂದು ಸಣ್ಣ ಆಫೀಸು. ಸೀರೆ ಅಂಗಡಿ, ಬೇಕರಿ, ಹೋಟೆಲು, ಯಾರು ಕೇಳಿದರೂ ಮಾಡಿಕೊಡುತ್ತೇವೆ. ‘ಇಷ್ಟಕ್ಕೆ ಸಂಬಳ ಬೇರೆ ಕೊಡ್ತಾರಾ ಮಾರಾಯ್ತಿ?’ ಎಂದು ಅಪ್ಪ ಛೇಡಿಸುತ್ತಿದ್ದರು. ಬರೆದು ನೋಡಲಿ, ಗೊತ್ತಾಗುತ್ತದೆ. ಜನ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು, ಸದ್ದು ಬಂದ್ ಮಾಡಿಕೊಂಡು ನೋಡುವವರು. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಅಕ್ಷರ ನಿಲ್ಲಬೇಕು. ಮುಖದ ಮೇಲೆ ಬೀಳಬಾರದು. ತೀರಾ ಮೇಲೆ ಹಾಕಿದರೆ ಖಾತೆಯ ಹೆಸರು ಮುಚ್ಚುತ್ತದೆ, ತೀರಾ ಕೆಳಗೆ ಹಾಕಿದರೆ ಉತ್ತರ ಬರೆಯುವ ಜಾಗ ಮುಚ್ಚುತ್ತದೆ. ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಬರೆದರೆ ಪದ ದಂಡ.

ಆ ಮಧ್ಯಾಹ್ನ ಅಪ್ಪನ ಫೋನು ಬಂದಾಗ ನಾನು ಯಾವುದೋ ಅಂಗಡಿಯ ಪೈಠಣಿ ಸೀರೆಗೆ ಪದ ಹುಡುಕುತ್ತಿದ್ದೆ. ಹಿಂದೆ ಸ್ಟೇಷನ್ನಿನ ಗದ್ದಲ ಕೇಳಿಸುತ್ತಿತ್ತು. ‘ಅವ ಹೋದ ಮಗಾ. ಟ್ರೇನಲ್ಲಿ ಹೋದ’ ಎಂದರು.

ಅವ ಎಂದರೆ ನನ್ನ ತಮ್ಮ. ವಯಸ್ಸು ಮೂವತ್ತರ ಹತ್ತಿರ, ಬುದ್ಧಿ ಐದಾರು ವರ್ಷದ ಮಗುವಿನದು. ಅಪ್ಪನ ಹೋಟೆಲಿನಲ್ಲಿ ಟೇಬಲುಗಳಿಗೆ ನೀರು ಇಡುತ್ತಾನೆ, ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಅವನಿಗೆ ಬೇರೆ ಭಾಷೆ ಬರುವುದಿಲ್ಲ. ಊಟದ ಗಲಾಟೆ ಮುಗಿದ ಮೇಲೆ ಇಬ್ಬರೂ ಕಳವಾ ಎಂಬಲ್ಲಿರುವ ನಮ್ಮ ಮನೆಗೆ ಹೊರಟಿದ್ದರು. ಠಾಣೆ ಸ್ಟೇಷನ್ನಿನಲ್ಲಿ ಜನರ ನೂಕಾಟಕ್ಕೆ ಸಿಕ್ಕಿ ಅವನು ಕಲ್ಯಾಣದ ಕಡೆಯ ಫಾಸ್ಟ್ ಗಾಡಿಯೊಳಗೆ ಹೋಗಿಬಿಟ್ಟ, ಅಪ್ಪ ಪ್ಲಾಟ್‌ಫಾರ್ಮಿನ ಮೇಲೆಯೇ ಉಳಿದರು. ಆ ಗಾಡಿ ಕಳವಾ ಸ್ಟೇಷನ್ನಿನಲ್ಲಿ ನಿಲ್ಲುವುದೂ ಇಲ್ಲ.

ಕಳೆದುಹೋದದ್ದಷ್ಟೇ ಆಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಗುರುತಿಲ್ಲದವರು ಮೈಮುಟ್ಟಿದರೆ ಅವನು ದಿಕ್ಕು ನೋಡದೆ ಓಡುತ್ತಾನೆ. ಒಮ್ಮೆ ಕಳವಾ ಸ್ಟೇಷನ್ನಿನಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ತೋಳು ಹಿಡಿದದ್ದಕ್ಕೆ ಹಳಿಗೆ ಹಾರಿಬಿಟ್ಟಿದ್ದ. ಅಪ್ಪ ಮೇಲಕ್ಕೆ ಎಳೆದುಕೊಂಡ ಮರುಕ್ಷಣವೇ ಗಾಡಿ ಬಂದಿತ್ತು.

ಅಪ್ಪ ರೈಲ್ವೆ ಪೊಲೀಸರ ಬಳಿ ಕೂತರು. ಅಷ್ಟರಲ್ಲಿ ನನ್ನ ಫೋನಿಗೆ ದೊಡ್ಡಪ್ಪನ ಮಗ ಮಾಡಿದ ಸ್ಟೋರಿ ಬಂತು. ತಮ್ಮನ ಫೋಟೊ, ಅದರ ಹಣೆಯ ಮೇಲೆಯೇ ಕೆಂಪು ಹಿಂದಿ ಅಕ್ಷರ: ‘ಮಾನಸಿಕ ರೋಗಿ! ಕಂಡರೆ ಹಿಡಿದು ನಿಲ್ಲಿಸಿ!’ ಐದೇ ಪದ. ಅಯ್ಯೋ ದೇವರೇ! ಹಾಕಿದವನಿಗೆ ಕೂಡಲೇ ಫೋನು ಮಾಡಿದೆ.

‘ತೆಗಿ ಅದನ್ನ! ಈಗಿಂದೀಗ ತೆಗಿ!’ ಎಂದು ಫೋನಿನಲ್ಲಿ ಕಿರುಚಿದೆ.

‘ಅಕ್ಕಾ, ಎಷ್ಟು ಶೇರ್ ಆಗ್ತಾ ಉಂಟು ಗೊತ್ತುಂಟಾ? ನಾನು ಹೆಲ್ಪ್ ಮಾಡ್ಲಿಕ್ಕೆ ಅಲ್ವಾ ಹಾಕಿದ್ದು?’ ಎಂದ.

ತೆಗೆದ. ತೆಗೆದು ಪ್ರಯೋಜನವೇನು? ಡೊಂಬಿವಲಿ, ಕಲ್ಯಾಣದ ಗ್ರೂಪುಗಳಲ್ಲಿ ಆಗಲೇ ಓಡಾಡುತ್ತಿತ್ತು. ಅದಕ್ಕಿಂತ ಬೇಗ ಓಡುವ ಇನ್ನೊಂದನ್ನು ನಾನು ಮಾಡಬೇಕಿತ್ತು.

ತಮ್ಮ ನೀರಿನ ಜಗ್ಗು ಹಿಡಿದು ನಗುವ ಒಂದು ತುಣುಕು ನನ್ನ ಬಳಿ ಇತ್ತು. ಅದರ ಮೇಲೆ ಬರೆದೆ: ‘ದಯವಿಟ್ಟು ಸಹಾಯ ಮಾಡಿ, ತಮ್ಮ ಕಳೆದುಹೋಗಿದ್ದಾನೆ.’ ಪಕ್ಕದ ಕುರ್ಚಿಯಲ್ಲಿ ಎಡಿಟಿಂಗ್ ಮಾಡುವ ಧಾರವಾಡದ ಹುಡುಗಿ ಓದಿದಳು. ನನ್ನ ಮುಖ ನೋಡಲಿಕ್ಕೂ ಅವಳಿಗೆ ಭಯವಾಗಿತ್ತು, ಆದರೂ ಹೇಳಿದಳು.

‘ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮಂದಿ ಏನ್ ಮಾಡ್ಬೇಕಂತ ಇದ್ರಾಗ ಎಲ್ಲೈತ್ರಿ?’

ಇಲ್ಲವೇ ಇಲ್ಲ. ಊರಿನವರ ಸೀರೆಗೆಲ್ಲ ಬುದ್ಧಿ ಓಡಿಸುವ ನನಗೆ ನನ್ನ ತಮ್ಮನಿಗೆ ಬರೆಯುವಾಗ ಬರೀ ಅಳು ಬರುತ್ತಿತ್ತು. ಅಳಿಸಿದೆ. ಸ್ಟೋರಿಯ ಮೊದಲ ಪರದೆ, ನಮ್ಮ ಮಾತಲ್ಲಿ ಕಾರ್ಡು: ‘ನೀಲಿ ಚೌಕಳಿ ಅಂಗಿ. ಕಲ್ಯಾಣದ ಲೋಕಲ್.’ ಎರಡನೆಯದು: ‘ಮುಟ್ಟಬೇಡಿ. ಮುಟ್ಟಿದರೆ ಓಡುತ್ತಾನೆ.’

‘ಯಾರರ ಇದೊಂದನ್ನ ಸ್ಕ್ರೀನ್‌ಶಾಟ್ ತಗದು ಕಳಿಸಿದ್ರ? ಏನೋ ಅಂಟುರೋಗ ಅಂತ ತಿಳೀತಾರ್ರೀ. ಮುಟ್ಟಬಾರದು ಅಂದ್ರ ಮತ್ತೇನ್ ಮಾಡ್ಬೇಕು, ಅದೂ ಇಲ್ಲೇ ಬರ್ಬೇಕು’ ಎಂದಳು.

ಏನು ಮಾಡಬೇಕು ಎಂಬುದು ನನಗೆ ಗೊತ್ತಿತ್ತು. ಅವನು ಎಷ್ಟೇ ಬೆದರಿರಲಿ, ‘ಚಾ ಬೋಡಾ?’ ಎಂದರೆ ಸಾಕು, ‘ಬೋಡು’ ಎಂದು ಮೆತ್ತಗೆ ಹಿಂದೆ ಬರುತ್ತಾನೆ. ಚಹಾ ಬೇಕಾ ಎಂದು ತುಳುವಿನಲ್ಲಿ ಕೇಳುವುದು, ಅಷ್ಟೇ. ಅವನು ಚಿಕ್ಕವನಿದ್ದಾಗಿನಿಂದ ಅಮ್ಮ ಹಾಗೆಯೇ ಕರೆದದ್ದು. ಅಮ್ಮನಿಗೆ ಫೋನು ಮಾಡಿ ಹೇಳಿದೆ.

‘ಅದನ್ನೊಂದು ಹಾಕ್ಬೇಡ ಮಗಾ’ ಎಂದಳು ಅಮ್ಮ. ‘ಅದು ಹೇಳಿದ್ರೆ ಅವ ಯಾರ ಹಿಂದೆಯೂ ಹೋಗ್ತಾನೆ. ಮನೆಯ ಬೀಗದ ಕೈ ಊರಿಗೆಲ್ಲ ಹಂಚ್ತೀಯಾ?’

‘ಮೊದಲು ಸಿಗಲಿ ಅಮ್ಮ!’ ಎಂದು ಫೋನು ಇಟ್ಟೆ.

ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ, ಮುಖದಿಂದ ಕೆಳಗೆ, ಎದೆಯ ಮಟ್ಟಕ್ಕೆ: ‘ಮುಟ್ಟಬೇಡಿ. ‘ಚಾ ಬೋಡಾ?’ ಎಂದು ಕೇಳಿ.’ ಮರಾಠಿಯಲ್ಲೊಂದು, ಹಿಂದಿಯಲ್ಲೊಂದು. ಆ ಎರಡು ತುಳು ಪದ ಮಾತ್ರ ಎರಡರಲ್ಲೂ ಹಾಗೆಯೇ. ಕೊನೆಯ ಕಾರ್ಡಿನಲ್ಲಿ ನನ್ನ ಫೋನ್ ನಂಬರು. ಅದೇ ಗ್ರೂಪುಗಳಿಗೂ ಕಳಿಸಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟ. ಕಿಟಕಿಯಾಚೆ ಲೋಕಲ್ ಹಾರ್ನ್ ಮಾಡಿದಾಗೆಲ್ಲ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಸಂಜೆಯ ಹೊತ್ತಿಗೆ ಕಲ್ಯಾಣದ ಮುಂದಿನ ಸ್ಟೇಷನ್ ಶಹಾಡಿನಿಂದ ಫೋನು. ಹೆಂಗಸಿನ ದನಿ, ಮರಾಠಿ. ‘ತಾಈ, ಘಾಬರು ನಕಾ. ಚಹಾ ಪಿತೋಯ್.’ ಅಕ್ಕಾ, ಗಾಬರಿಯಾಗಬೇಡಿ, ಚಹಾ ಕುಡಿಯುತ್ತಿದ್ದಾನೆ. ನಾನು ನೆಲದ ಮೇಲೆಯೇ ಕೂತೆ. ಧಾರವಾಡದ ಹುಡುಗಿ ನನ್ನ ತಲೆ ಹಿಡಿದುಕೊಂಡು ತಾನೂ ಅತ್ತಳು.

ಅಪ್ಪನೂ ನಾನೂ ಶಹಾಡಿಗೆ ಓಡಿದೆವು. ಆಕೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವಳು, ಮನೆಗೆ ಹೊರಟಿದ್ದಳಂತೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಾಲ್ಕೈದು ಗಂಡಸರು ಅವನನ್ನು ಸುತ್ತುವರಿದಿದ್ದರು, ಒಬ್ಬ ಕಾಲರು ಹಿಡಿದಿದ್ದನಂತೆ. ಅವರ ಫೋನಿನಲ್ಲಿದ್ದದ್ದು ಕೆಂಪು ಅಕ್ಷರದ್ದು. ತಮ್ಮ ಹಳಿಯ ಕಡೆಗೇ ಜಗ್ಗುತ್ತಿದ್ದ. ಈಕೆ ತನ್ನ ಫೋನು ಅವರ ಮುಖಕ್ಕೆ ಹಿಡಿದು, ಬೈದು, ಕೈ ಬಿಡಿಸಿ, ದೂರದಿಂದಲೇ ಆ ಎರಡು ಪದ ಓದಿದಳಂತೆ. ನಾವು ಹೋದಾಗ ಅವನು ಬೆಂಚಿನ ಮೇಲೆ ಕೂತಿದ್ದ. ಅಂಗಿಯ ಕಾಲರು ಹರಿದು ನೇತಾಡುತ್ತಿತ್ತು.

ಸ್ಟೋರಿ ಒಂದು ದಿನದಲ್ಲಿ ತಾನಾಗಿ ಅಳಿದುಹೋಗುತ್ತದೆ. ಜನ ಉಳಿಸಿಕೊಂಡದ್ದು ಅಳಿಯುವುದಿಲ್ಲ. ಕೆಲವು ದಿನಗಳ ಮೇಲೆ ಹೋಟೆಲಿನ ಎದುರು ಯಾರೋ ಒಬ್ಬ ತಮ್ಮನ ಗುರುತು ಹಿಡಿದು, ನಗುತ್ತ, ‘ಚಾ ಬೋಡಾ?’ ಎಂದ. ತಮ್ಮ ಜಗ್ಗನ್ನು ಟೇಬಲಿನ ಮೇಲಿಟ್ಟು, ‘ಬೋಡು’ ಎಂದು, ಅವನ ಹಿಂದೆ ಹೊರಟೇಬಿಟ್ಟ. ತಿರುಗಿಯೂ ನೋಡಲಿಲ್ಲ. ನಾನು ಬೀದಿಯಲ್ಲಿ ಚಪ್ಪಲಿಯಿಲ್ಲದೆ ಓಡಿದೆ. ಪಾಪ, ಒಳ್ಳೆಯ ಮನುಷ್ಯ, ನಿಜವಾಗಿಯೂ ಚಹಾ ಕೊಡಿಸಬೇಕೆಂದಿದ್ದ. ಮುಂದಿನವನು ಹಾಗಿರಬೇಕಲ್ಲ? ಆ ಭಯ ಇವತ್ತಿಗೂ ನನ್ನ ಎದೆಯಿಂದ ಇಳಿದಿಲ್ಲ.

ನಾನು ಬೇರೆ ಮಾತು ಕಲಿಸಲು ನೋಡಿದೆ, ಅವನಿಗೆ ಹತ್ತಲಿಲ್ಲ. ಅವನಿಗೆ ಆ ಮಾತೇ ಮರೆತುಹೋಗಲಿ ಎಂದು, ಅಮ್ಮ ಈಗ ಚಹಾ ಮಾಡಿದರೆ ‘ಬೋಡಾ?’ ಎಂದು ಕೇಳದೆ ಲೋಟ ತಂದು ಅವನ ಮುಂದೆ ಇಡುತ್ತಾಳೆ. ಅವನು ಲೋಟ ಮುಟ್ಟುವುದಿಲ್ಲ. ಅಮ್ಮನ ಬಾಯಿಯನ್ನೇ ನೋಡುತ್ತ ಕೂತಿರುತ್ತಾನೆ, ಚಹಾ ಆರುತ್ತದೆ.