ಅನುಸೂಯಕ್ಕನಿಗೆ ಹೊದಿಸಿದ ಶಾಲು

“ಅಮ್ಮ, ಅನುಸೂಯಕ್ಕ ಏನ್ ತಪ್ಪು ಮಾಡಿದ್ರು? ಯಾಕೆ ಅಷ್ಟು ದೂರ ಕಳಿಸ್ತಿದಾರೆ?” ಎಂದು ಮಗಳು ಕೇಳಿದಳು.

ತಪ್ಪೇನೂ ಇಲ್ಲ. ಪೀಣ್ಯದ ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿರುವ ಅಕ್ಕ, ಮ್ಯಾನೇಜರು ತಾಮ್ರದ ಗುಜರಿಯನ್ನು ಕಬ್ಬಿಣವೆಂದು ತೋರಿಸಿ ಸಾಗಿಸುವುದನ್ನು ಕಂಡರು. ದೂರು ಕೊಟ್ಟವರಿಗೆ ಕಿರುಕುಳ ಕೊಡಬಾರದು, ಅವರು ನೇರವಾಗಿ ಆಡಿಟ್ ಸಮಿತಿಯ ಅಧ್ಯಕ್ಷರಿಗೂ ಬರೆಯಬಹುದು ಎಂದು ಕಂಪನಿಯ ನಿಯಮವಿದೆ. ಅಕ್ಕ ಮಾತ್ರ ನಮ್ಮೊಳಗೇ ಮುಗಿಯಲಿ ಎಂದು, ನಾನು ಕೆಲಸ ಮಾಡುವ ಎಚ್.ಆರ್. ವಿಭಾಗದ ಸಾಹೇಬರ ಮುಂದೆ ಬಾಯಲ್ಲಿ ಹೇಳಿದರು. ಮರುವಾರ ರಾಂಚಿಗೆ ವರ್ಗವಾಯಿತು.

ಇವತ್ತು ಬೀಳ್ಕೊಡುಗೆ. ಶಾಲು ಹೊದಿಸಿದ್ದು ಅದೇ ಮ್ಯಾನೇಜರು. “ಅಲ್ಲೂ ಗುಜರಿ ಇದೆ ಕಣಮ್ಮ, ಚೆನ್ನಾಗಿ ಕಣ್ಣಿಟ್ಟಿರು” ಎಂದರು. ಎಲ್ಲರೂ ನಕ್ಕರು. ಸಾಹೇಬರು ಚಪ್ಪಾಳೆ ತಟ್ಟಿದರು.

ಸಂಜೆ ಅಕ್ಕ ನಮ್ಮ ಮನೆಗೆ ಬಂದು, ಆ ಶಾಲನ್ನು ಮಗಳ ಕೈಗಿಟ್ಟು ಕೂತರು.

“ಹೋಗ್ದಿದ್ರೆ ಗೈರುಹಾಜರಿ ಅಂತ ಕೆಲಸದಿಂದ ತೆಗೀತಾರೆ. ಒಪ್ಪಿಗೆ ಇಲ್ಲ ಅಂತ ಬರ್ಕೊಟ್ಟು ಹೋಗ್ತಿದೀನಿ. ಅಧ್ಯಕ್ಷರಿಗೂ ಈಗ ಬರೆದಿದೀನಿ. ವರ್ಗಕ್ಕೆ ಮುಂಚೆ ನಾನು ದೂರೇ ಹೇಳಿಲ್ಲ ಅಂತಾರೆ ನಿಮ್ಮ ಸಾಹೇಬ್ರು. ಅವತ್ತು ನೀನು ಪಕ್ಕದ ಟೇಬಲ್ಲಲ್ಲೇ ಇದ್ಯಲ್ಲ ಸೌಮ್ಯಾ. ಅಧ್ಯಕ್ಷರು ಕೇಳಿದ್ರೆ, ನೀನು ಕೇಳಿಸ್ಕೊಂಡಿದ್ದನ್ನ ಹೇಳ್ತೀಯಾ?”